ಮನೆಯ ಮೋಟಾರು: ಅಚ್ಚಿಗೆ ಕಚ್ಚಿಕೊಂಡ ಬ್ರೇಕ್ ಡ್ರಮ್ಮು

ಶಿರಾಳಕೊಪ್ಪದ ಕಡೆ ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರು ಕಳೆಯುವವರೆಗೂ ಗಾಳಿಯಲ್ಲಿನ ತೇವವನ್ನು ಆರಗೊಡುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಇಂಥ ಎರಡು ಮೂರು ಮಳೆಗಾಲಗಳನ್ನು ಕಳೆದ ಹಳೆಯ ಅಂಬಾಸಡರ್ ಮೋಟಾರನ್ನು ಮತ್ತೆ ನಡೆಸಹೊರಟವರಿಗೆ, ಹಿಂದಿನ ಚಕ್ರವನ್ನು ಕಳಚಿದ ಮೇಲೂ ಅದರ ಹಿಂದಿರುವ ಬ್ರೇಕ್ ಡ್ರಮ್ಮು ಅಲುಗದಿರುವುದು ಕಂಡುಬರುತ್ತದೆ. ಆಗ ಸುತ್ತಿಗೆಯನ್ನೆತ್ತಿ ಅಂಚಿಗೆ ಹೊಡೆಯುವವರೇ ಹೆಚ್ಚು. ಡ್ರಮ್ಮು ಎರಕದ ಕಬ್ಬಿಣದ್ದು, ಬಾಗದು, ಬಿರಿಯುವುದು. ಬಿರುಕು ಬಿಟ್ಟ ಡ್ರಮ್ಮು ಇಳಿಜಾರಿನಲ್ಲಿ ಒಡೆದರೆ ಪ್ರಾಣಕ್ಕೇ ಸಂಚಕಾರ. ಈ ಮೋಟಾರಿನ ತಯಾರಿಕೆ 2014ರಲ್ಲಿಯೇ ನಿಂತಿರುವುದರಿಂದ ಬದಲಿ ಡ್ರಮ್ಮಿಗಾಗಿ ಅಲೆಯಬೇಕಾದೀತು. ಆದುದರಿಂದ ಹೊಡೆಯುವ ಮುನ್ನ ಹಿಡಿತವೆಲ್ಲಿದೆಯೆಂಬುದನ್ನು ತಿಳಿಯಬೇಕು.

ಡ್ರಮ್ಮಿನ ನಡುವೆ ದುಂಡಾದ ತೂತಿದ್ದು, ಅದು ಅಚ್ಚಿನ ತುದಿಯಲ್ಲಿರುವ ಗುಂಬದ ಉಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿನ ಎರಡು ಪಾಲಿಗೂ ಮಿಕ್ಕ ಜಾಗವನ್ನು ಬೇಡುತ್ತದೆ. ಇವೆರಡರ ನಡುವಣ ಕೂದಲೆಳೆಯ ಸಂದು ತುಕ್ಕಿನಿಂದ ತುಂಬಿ ಬೆಣೆ ಜಡಿದಂತಾಗುತ್ತದೆ. ಹೀಗೆಯೇ ಕೈಬ್ರೇಕನ್ನು ಎಳೆದು ನಿಲ್ಲಿಸಿದ ಗಾಡಿಯಲ್ಲಿ, ಒಳಗಿನ ಬ್ರೇಕ್ ಷೂಗಳೂ ಡ್ರಮ್ಮಿಗೆ ಅಂಟುವುದುಂಟು.

ಪರೀಕ್ಷೆಯ ಕ್ರಮವು ಇಂತಿದೆ. ಮುಂದಿನ ಚಕ್ರಗಳೆರಡಕ್ಕೂ ಹಿಂದುಮುಂದು ಕಲ್ಲನ್ನು ಒತ್ತಿಡಬೇಕು. ಹಿಂದಿನ ಒಂದು ಚಕ್ರವನ್ನೆತ್ತಿದ ಮೇಲೆ ಗೇರು ಗಾಡಿಯನ್ನು ಹಿಡಿಯದೆಂಬುದನ್ನು ಮರೆಯಲಾಗದು. ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಆಸರೆಯನ್ನು ಕೊಟ್ಟು, ಕೈಬ್ರೇಕನ್ನೂ ಗೇರನ್ನೂ ಬಿಡಿಸಿ ಡ್ರಮ್ಮನ್ನು ತಿರುಗಿಸಿ ನೋಡುವುದು. ತಿರುಗದಿದ್ದರೆ ಷೂಗಳು ಅಂಟಿವೆ. ಬ್ರೇಕನ್ನು ಬಿಗಿಮಾಡುವ ತಿರುಪನ್ನು ಸಡಿಲಿಸಿ ಅವನ್ನು ಹಿಂದಕ್ಕೆಳೆಸಬೇಕು. ತಿರುಗಿಯೂ ಒಂದಿಷ್ಟು ಹೊರಗೆ ಬಂದು ತಡೆದು ನಿಂತರೆ, ಸವೆದ ಡ್ರಮ್ಮಿನ ಒಳಯಂಚಿನಲ್ಲಿ ಎದ್ದ ದಿಣ್ಣೆಗೆ ಷೂಗಳು ಸಿಕ್ಕಿಕೊಂಡಿವೆ. ಆಗಲೂ ಮದ್ದು ಅದೇ. ತಿರುಗುತ್ತಿದ್ದರೂ ಎಳ್ಳಷ್ಟೂ ಹೊರಬಾರದಿದ್ದರೆ ಮಾತ್ರ ಹಿಡಿತವು ನಡುವಿನ ತುಕ್ಕಿನಲ್ಲಿದೆ.

ಮೂರು ಮಳೆಗಾಲ ನಿಂತ ಗಾಡಿಯೊಂದರಲ್ಲಿ ಈ ಮೂರನೆಯ ಸ್ಥಿತಿಯೇ ಇದೆಯೆಂದಿಟ್ಟುಕೊಳ್ಳೋಣ. ಡ್ರಮ್ಮನ್ನು ಗುಂಬಕ್ಕೆ ಹಿಡಿದಿಡುವ ಚಿಕ್ಕ ತಿರುಪುಗಳಿದ್ದರೆ ಮೊದಲು ಅವನ್ನು ತೆಗೆಯತಕ್ಕದ್ದು. ಇವು ಉಳಿದರೆ ಯಾವ ಹೊಡೆತವೂ ವ್ಯರ್ಥ. ಬಳಿಕ ತಂತಿಯ ಬ್ರಷ್ಷಿನಿಂದ ನಡುವಿನ ತೂತಿನ ಸುತ್ತ ಉಜ್ಜಿ, ಸೀಮೆಎಣ್ಣೆಗೆ ತುಸು ಇಂಜಿನ್ ಎಣ್ಣೆಯನ್ನು ಬೆರೆಸಿ, ಸಂದಿಗೆ ಹನಿಹನಿಯಾಗಿ ಬೆಳಗು ಬೈಗು ಎರಡು ದಿನ ಊಡುವುದು. ಹೆಚ್ಚು ಸುರಿದರೆ ಒಳಗಿನ ಷೂಗಳು ನೆನೆದು ಕೆಡುವುವು.

ಮೂರನೆಯ ದಿನ ಸುಮಾರು ಒಂದು ಕಿಲೋ ತೂಕದ ಸುತ್ತಿಗೆಯಿಂದ, ಮರದ ತುಂಡನ್ನು ನಡುವೆ ಹಿಡಿದು, ಡ್ರಮ್ಮಿನ ಚಪ್ಪಟೆಯಾದ ಮುಖದ ಮೇಲೆ ಚಕ್ರದ ಬೋಲ್ಟುಗಳ ಸಂದಿಯಲ್ಲಿ ಹೊಡೆಯುವುದು. ಬೋಲ್ಟುಗಳಿಗೂ ಅಂಚಿಗೂ ಪೆಟ್ಟು ಬೀಳಬಾರದು. ಮೂರು ನಾಲ್ಕು ಪೆಟ್ಟಿಗೊಮ್ಮೆ ಕಾಲು ಸುತ್ತು ತಿರುಗಿಸಬೇಕು. ಪೆಟ್ಟು ಎಳೆಯುವುದಕ್ಕಲ್ಲ, ತುಕ್ಕಿನ ಬೆಸುಗೆಯನ್ನು ಸಡಿಲಿಸುವುದಕ್ಕೆ. ತೂತಿನ ಸುತ್ತ ಕೆಂಪು ಪುಡಿ ಉದುರಿ ತೆಳುವಾದ ಗೆರೆ ಮೂಡಿದರೆ ಕೆಲಸ ಸಾಗುತ್ತಿದೆ.

ಅಷ್ಟಕ್ಕೂ ಬಿಡದಿದ್ದರೆ ಶಾಖವೇ ಗತಿ. ಅರುವತ್ತು ಮಿಲಿಮೀಟರಿನ ತೂತು ನೂರು ಡಿಗ್ರಿ ಸೆಂಟಿಗ್ರೇಡು ಬಿಸಿಯೇರಿದರೆ ಕೂದಲಿನಷ್ಟು ಮಾತ್ರ ಹಿಗ್ಗುವುದು. ಆದರೆ ಬೇಕಾದುದು ಅಷ್ಟೇ. ಗುಂಬವೂ ಕಾದರೆ ಆ ಲಾಭವೆಲ್ಲ ನಷ್ಟ. ಆದ್ದರಿಂದ ತೂತಿನ ಸುತ್ತಲಿನ ಡ್ರಮ್ಮನ್ನಷ್ಟೇ ಬೇಗ ಕಾಯಿಸಿ ಒಡನೆಯೇ ಹೊಡೆಯಬೇಕು. ಇದಕ್ಕೆ ಮೊದಲು ಎಣ್ಣೆಯನ್ನೆಲ್ಲ ಒರಸದಿದ್ದರೆ ಬೆಂಕಿ ಹತ್ತೀತು. ಬಹಳ ಕಾಯಿಸಿದರೆ ಒಳಗಿನ ಎಣ್ಣೆ ತಡೆಯುವ ರಬ್ಬರು ಸುಡುವುದು. ಇದನ್ನು ಕಾರ್ಖಾನೆಯಲ್ಲಿ ಮಾಡಿಸುವುದೇ ಲೇಸು.

ಒಂದು ಎಚ್ಚರಿಕೆ ಉಂಟು. ಹಳೆಯ ಜೀಪಿನಂಥ ಕೆಲವು ಗಾಡಿಗಳಲ್ಲಿ ಡ್ರಮ್ಮಿನ ನಡುವೆ ಸೀಳುಪಿನ್ನು ಹಾಕಿದ ದೊಡ್ಡ ನಟ್ಟು ಕಾಣುವುದು. ಅಲ್ಲಿ ಡ್ರಮ್ಮು ಗುಂಬದೊಡನೆ ಅಚ್ಚಿನ ಇಳಿಮುಖವಾದ ತುದಿಗೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಸುತ್ತಿಗೆ ಸಲ್ಲದು, ಎಳೆಯುವ ಪುಲ್ಲರ್ ಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ ಉಳಿಸಬೇಕು. ಇಲ್ಲದಿದ್ದರೆ ಡ್ರಮ್ಮು ಒಮ್ಮೆಗೇ ಸಿಡಿದು ಎದುರಿಗಿದ್ದವರ ಮೇಲೆ ಬೀಳುವುದು.

ಡ್ರಮ್ಮು ಬಂದ ಕೂಡಲೇ ಒಳಗಿನ ಪುಡಿಯನ್ನು ಊದಬಾರದು. ಹಳೆಯ ಷೂಗಳಲ್ಲಿ ಶ್ವಾಸಕೋಶಕ್ಕೆ ವಿಷಪ್ರಾಯವಾದ ಕಲ್ನಾರು ಇರಬಹುದು. ಒದ್ದೆಬಟ್ಟೆಯಿಂದ ಒರಸಿ, ಬಟ್ಟೆಯನ್ನು ಕಟ್ಟಿ ಎಸೆಯುವುದು. ಡ್ರಮ್ಮಿನಲ್ಲಿ ಬಿರುಕಿದೆಯೇ ಎಂದು ನೋಡಿ, ಗುಂಬದ ತುಕ್ಕನ್ನು ಉಜ್ಜಿ, ಅದರ ಮೇಲೆ ಮಾತ್ರ ತೆಳುವಾಗಿ ಗ್ರೀಸನ್ನು ಸವರಿ ಜೋಡಿಸುವುದು. ಮುಂದೆ ಮಳೆಗಾಲಕ್ಕೆ ಗಾಡಿಯನ್ನು ನಿಲ್ಲಿಸುವಾಗ ಕೈಬ್ರೇಕನ್ನು ಎಳೆಯದೆ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲನ್ನು ಕೊಟ್ಟು ನಿಲ್ಲಿಸತಕ್ಕದ್ದು.