ನೂರು ಪರ್ಸೆಂಟ್ ನೋಡಿದ ಹುಡುಗನಿಗೆ ಲೆಕ್ಕ ಯಾಕೆ ಬರಲ್ಲ?

ಈ ಸಲ ಸ್ವಲ್ಪ ಟೆಕ್ನಿಕಲ್ ಕೊರೆತ. ಆದರೆ ಕೋಡ್ ಬರೆಯದವರೂ ಓದಬಹುದು, ಎರಡೇ ಸಾಲು ಕೋಡ್ ಇದೆ, ಅದನ್ನು ಹಾರಿಸಿದರೂ ನಡೆಯುತ್ತೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಸೈಟ್ ಮಾಡುವವರು ಮೊದಲು ಕೇಳುವುದು ಒಂದೇ: ಪ್ರತಿ ಪಾಠದ ಮುಂದೆ ಒಂದು ಹಸಿರು ಪಟ್ಟಿ ಇರಬೇಕು, ಅದು ತುಂಬುತ್ತಾ ಹೋಗಬೇಕು, ಅಪ್ಪ ಅಮ್ಮನಿಗೆ ಕಾಣಬೇಕು. ತಪ್ಪೇನಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಫೀಸು ಕಟ್ಟಿದ ತಂದೆ "ನಮ್ಮ ಹುಡುಗ ಎಷ್ಟು ಓದ್ಯಾನ್ರೀ ಸರ?" ಅಂತ ಕೇಳಿಯೇ ಕೇಳುತ್ತಾನೆ. ನನ್ನ ತಕರಾರು ಆ ಪಟ್ಟಿ ಏನನ್ನು ಅಳೆಯುತ್ತದೆ ಅನ್ನುವುದರ ಬಗ್ಗೆ.

ಒಂದು ಉದಾಹರಣೆ ತಗೊಳ್ಳೋಣ. ವರ್ಗ ಸಮೀಕರಣಗಳು ಅಧ್ಯಾಯದ ಒಂದು ವಿಡಿಯೋ, 14 ನಿಮಿಷ. ಹುಡುಗ ಮೊದಲ ದಿನ ನಾಲ್ಕು ನಿಮಿಷ ನೋಡಿದ, ನೆಟ್ ಹೋಯಿತು. ಮಾರನೇ ದಿನ ಮೂರನೇ ನಿಮಿಷದಿಂದ ಶುರು ಮಾಡಿ ಏಳರವರೆಗೆ ನೋಡಿದ. ಆಮೇಲೆ ಬೇಜಾರಾಗಿ ಕೊನೇ ನಿಮಿಷಕ್ಕೆ ಎಳೆದು ಮುಗಿಸಿದ. ಈಗ ಅವನು ಎಷ್ಟು ನೋಡಿದ?

ಇದಕ್ಕೆ ಮೂರು ಉತ್ತರ ಇವೆ. ಕೊನೆಗೆ ಎಲ್ಲಿಗೆ ತಲುಪಿದ ಅಂತ ಕೇಳಿದರೆ 100%. ಬಹಳ ಕಡೆ ಹೀಗೇ ಲೆಕ್ಕ ಹಾಕುತ್ತಾರೆ, ಯಾಕೆಂದರೆ ಇದು ಸುಲಭ: `currentTime` ಅನ್ನು `duration`ನಿಂದ ಭಾಗಿಸಿದರೆ ಮುಗಿಯಿತು. ಒಟ್ಟು ಎಷ್ಟು ಹೊತ್ತು ವಿಡಿಯೋ ಓಡಿತು ಅಂತ ಕೇಳಿದರೆ ಒಂಬತ್ತು ನಿಮಿಷ, ಅಂದರೆ 64%. ಆದರೆ ಅದರಲ್ಲಿ ಒಂದು ನಿಮಿಷವನ್ನು ಅವನು ಎರಡು ಸಲ ನೋಡಿದ್ದಾನೆ. ವಿಡಿಯೋದ ಯಾವ ಯಾವ ಭಾಗ ಕಣ್ಣಿಗೆ ಬಿದ್ದಿದೆ ಅಂತ ಕೇಳಿದರೆ ಎಂಟು ನಿಮಿಷ, 57%. ಏಳರಿಂದ ಹದಿಮೂರರವರೆಗೆ ಏನೂ ನೋಡಿಲ್ಲ, ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದ್ದು ಸರಿಯಾಗಿ ಅಲ್ಲೇ!

ಮೂರನೇ ಲೆಕ್ಕ ಮಾಡುವುದು ಕಷ್ಟವೇನಲ್ಲ. ವಿಡಿಯೋವನ್ನು ಹತ್ತು ಹತ್ತು ಸೆಕೆಂಡಿನ ಮನೆಗಳಾಗಿ ಒಡೆಯಿರಿ. 14 ನಿಮಿಷಕ್ಕೆ 84 ಮನೆ. ವಿಡಿಯೋ ಓಡುವಾಗ ಬರುವ `timeupdate` ಹೊತ್ತಿಗೆ ಆಯಾ ಮನೆಗೆ ಗುರುತು ಹಾಕಿ:

```
const i = Math.floor(v.currentTime / 10);
if (!v.paused && !v.seeking) seen[i] = 1;
```

ನಮ್ಮ ಹುಡುಗನಿಗೆ ಮೊದಲ ದಿನ 24 ಮನೆ, ಎರಡನೇ ದಿನ ಹೊಸದಾಗಿ 18, ಕೊನೇ ನಿಮಿಷದ್ದು 6, ಒಟ್ಟು 48. ಬ್ರೌಸರಿನಲ್ಲೇ `played` ಅಂತ ಒಂದು ಇದೆಯಲ್ಲ ಅನ್ನುತ್ತೀರಾ? ಇದೆ, ಆದರೆ ಪುಟ ಮತ್ತೆ ತೆರೆದರೆ ಅದು ಖಾಲಿ. ಎರಡು ದಿನದ್ದನ್ನು ಕೂಡಿಸಲು ನಾವೇ ಬರೆದಿಡಬೇಕು.

ಈ ಮನೆಗಳ ಪಟ್ಟಿಯ ದೊಡ್ಡ ಲಾಭ ಇರುವುದು ನಮ್ಮೂರ ನೆಟ್‌ವರ್ಕಿನಲ್ಲಿ. ನೆಟ್ ಇಲ್ಲದಾಗ ಗುರುತುಗಳನ್ನು `localStorage`ನಲ್ಲಿ ಇಟ್ಟು, ಬಂದಾಗ ಕಳಿಸಬಹುದು. ಸರ್ವರ್ ಮಾಡಬೇಕಾದದ್ದು ಇಷ್ಟೇ, ಹಳೇ ಪಟ್ಟಿಯಲ್ಲಾಗಲಿ ಹೊಸ ಪಟ್ಟಿಯಲ್ಲಾಗಲಿ ಗುರುತಿದ್ದರೆ ಉಳಿಸಿಕೊಳ್ಳುವುದು. ಒಂದೇ ಪಟ್ಟಿ ಎರಡು ಸಲ ಬಂದರೂ, ಹಿಂದುಮುಂದಾಗಿ ಬಂದರೂ ಲೆಕ್ಕ ಕೆಡುವುದಿಲ್ಲ. ನಿಮಿಷಗಳನ್ನು ಕೂಡಿಸುತ್ತಾ ಹೋಗುವ ಸೈಟ್ ಇಲ್ಲೇ ಎಡವುವುದು. ನೆಟ್ ಕೈಕೊಟ್ಟಾಗ ಅದೇ ಮಾಹಿತಿ ಮತ್ತೆ ಹೋಗಿ 14 ನಿಮಿಷದ ವಿಡಿಯೋ 22 ನಿಮಿಷ ನೋಡಿದ ಹಾಗೆ ಕಾಣುತ್ತದೆ. ಅಂಥ ಅಂಕಿ ಕಂಡರೆ ಕಾರಣ ಹುಡುಗನ ಶ್ರದ್ಧೆಯೋ ಸಿಗ್ನಲ್ಲೋ ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ಪುಟ ಮುಚ್ಚುವಾಗ ಕಳಿಸೋಣ ಅಂತ `unload` ನಂಬಿಕೊಳ್ಳಬೇಡಿ. ಮೊಬೈಲಿನಲ್ಲಿ ಆಪನ್ನು ಸರಕ್ ಅಂತ ಸರಿಸಿ ಮುಚ್ಚಿದರೆ ಅದು ಬರದೇ ಇರಬಹುದು. `visibilitychange` ಬಂದಾಗಲೇ ಕಳಿಸಿಬಿಡಿ.

ಇಷ್ಟೆಲ್ಲ ಮಾಡಿದರೂ.. 57% ಅನ್ನುವುದು ವಿಡಿಯೋದ ಲೆಕ್ಕ, ಹುಡುಗನದ್ದಲ್ಲ. ವಿಡಿಯೋ ಓಡುತ್ತಿತ್ತು ಅಂದರೆ ಅವನು ಮುಂದೆ ಕೂತಿದ್ದ ಅಂತ ಅರ್ಥವೇ? ಮನೆಗೆ ಒಂದೇ ಫೋನು, ಅಕ್ಕನ ಲಾಗಿನ್ನಿನಲ್ಲೇ ತಮ್ಮ ನೋಡಿರುತ್ತಾನೆ. ಯಾರೋ ಇಳಿಸಿಕೊಂಡು ವಾಟ್ಸಾಪಿನಲ್ಲಿ ಹಂಚಿದ್ದನ್ನು ನೋಡಿ ಚೆನ್ನಾಗಿ ಕಲಿತ ಹುಡುಗಿಯ ಪಟ್ಟಿ ಸೊನ್ನೆ ಇರುತ್ತೆ! ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಪೋಷಕರಿಗೆ "ಮುಗಿದಿದೆ" ಅಂತ ತೋರಿಸುವ ಹಕ್ಕು ವಿಡಿಯೋಗೆ ಇರಬಾರದು, ಪ್ರಶ್ನೆಗೆ ಇರಬೇಕು. ಎನ್‌ಪಿಟೆಲ್ ಕೋರ್ಸುಗಳನ್ನೇ ನೋಡಿ. ಅಲ್ಲಿ ಸರ್ಟಿಫಿಕೇಟಿಗೆ ಅಸೈನ್‌ಮೆಂಟಿಗೆ 25%, ಪರೀಕ್ಷೆಗೆ 75%. ವಿಡಿಯೋ ನೋಡಿದ್ದಕ್ಕೆ ಒಂದು ಅಂಕವೂ ಇಲ್ಲ.

ಪ್ರಶ್ನೆ ಅಂದರೆ ಸುಮ್ಮನೆ ನಾಲ್ಕು ಆಯ್ಕೆ ತುರುಕುವುದಲ್ಲ. ಅದೇ ಪಾಠಕ್ಕೆ ಈ ಲೆಕ್ಕ ಕೊಡಿ:

```
2x² + x − 6 = 0
```

ಸರಿಯುತ್ತರ 3/2 ಮತ್ತು −2. ಇಲ್ಲಿ ಮಧ್ಯದ ಪದವನ್ನು ಒಡೆಯಲು ಗುಣಲಬ್ಧ −12, ಮೊತ್ತ 1 ಬರುವ ಸಂಖ್ಯೆ ಬೇಕು, ಅಂದರೆ 4 ಮತ್ತು −3. x²ದ ಮುಂದಿನ 2 ಮರೆತು −6ಕ್ಕೇ ಹುಡುಕಿದವನಿಗೆ 3 ಮತ್ತು −2 ಸಿಗುತ್ತದೆ, ಅವನು ಉತ್ತರ 2, −3 ಅನ್ನುತ್ತಾನೆ. ಅಪವರ್ತನ ಸರಿ ಮಾಡಿ ಕೊನೆಗೆ ಚಿಹ್ನೆ ಬದಲಿಸಲು ಮರೆತವನು −3/2, 2 ಅನ್ನುತ್ತಾನೆ. ಈ ಎರಡನ್ನೂ ಆಯ್ಕೆಗಳಲ್ಲಿ ಇಟ್ಟರೆ ತಪ್ಪು ಉತ್ತರವೇ ಮಾತಾಡುತ್ತದೆ. ಚಿಹ್ನೆ ತಪ್ಪಿದವನಿಗೆ ಇದೇ ವಿಡಿಯೋದ ಕೊನೆಯ ಭಾಗ ಸಾಕು. 2 ಮರೆತವನಿಗೆ ಇದೇ ವಿಡಿಯೋ ಹತ್ತು ಸಲ ತೋರಿಸಿದರೂ ಪ್ರಯೋಜನ ಕಡಿಮೆ, ಅವನನ್ನು ಒಂಬತ್ತನೇ ಕ್ಲಾಸಿನ ಬಹುಪದೋಕ್ತಿಗಳ ಅಪವರ್ತನಕ್ಕೆ ಕಳಿಸಬೇಕು.

ಪಾಠಗಳ ಪಟ್ಟಿಯೂ ಬದಲಾಗಬೇಕಾದದ್ದು ಇಲ್ಲಿಯೇ. ಪುಸ್ತಕದ ಅಧ್ಯಾಯಗಳನ್ನು 1, 2, 3 ಅಂತ ಜೋಡಿಸಿದರೆ ಅದು ಪರಿವಿಡಿ ಆಯಿತು ಅಷ್ಟೇ. ಪ್ರತಿ ಪಾಠದ ಜೊತೆ "ಇದಕ್ಕೆ ಮೊದಲು ಏನು ಬರಬೇಕು" ಅಂತ ಒಂದು ಕೊಂಡಿ ಇದ್ದರೆ ಮಾತ್ರ ತಪ್ಪು ಉತ್ತರ ಹುಡುಗನನ್ನು ಸರಿಯಾದ ಜಾಗಕ್ಕೆ ಕಳಿಸಬಲ್ಲದು. ಎಸ್ಸೆಸ್ಸೆಲ್ಸಿ ಕೋರ್ಸಿನಲ್ಲಿ ಒಂಬತ್ತನೇ ಕ್ಲಾಸಿನ ನಾಲ್ಕು ವಿಡಿಯೋ ಸೇರಿಸಿದರೆ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನೊಂದನ್ನು ಕೈಬಿಡಿ ಅಂತ ಕೇಳುತ್ತೇನೆ. "ಸತತ ಏಳು ದಿನ ಓದಿದ್ದೀರಿ" ಅನ್ನುವ ಬೆಂಕಿ ಚಿತ್ರ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ತೊಗರಿ ರಾಶಿ. ಹೊಲಕ್ಕೆ ಹೋದ ಹುಡುಗಿ ಹತ್ತು ದಿನ ಬಿಟ್ಟು ಬಂದು ತೆರೆದರೆ ಕೆಂಪು ಬಣ್ಣದಲ್ಲಿ "ನೀವು ಹಿಂದುಳಿದಿದ್ದೀರಿ" ಅಂತ ಬಂದರೆ ಹೇಗಿರುತ್ತೆ? ಅವಳು ಹಿಂದೆ ಸರಿಯಾಗಿ ಬಿಡಿಸಿದ ಲೆಕ್ಕಗಳೇನೂ ಅಳಿಸಿ ಹೋಗಿಲ್ಲವಲ್ಲ. ಪ್ರಗತಿಯನ್ನು ಪಾಠದ ಲೆಕ್ಕದಲ್ಲಿ ತೋರಿಸಿ, ತಾರೀಖಿನ ಲೆಕ್ಕದಲ್ಲಿ ಬೇಡ.

ಹಾಗಾದರೆ ನೋಡಿದ ಮನೆಗಳ ಲೆಕ್ಕ ವ್ಯರ್ಥವೇ? ಖಂಡಿತ ಅಲ್ಲ, ಅದನ್ನು ಅಪ್ಪನಿಗೆ ತೋರಿಸುವ ಬದಲು ಮೇಷ್ಟ್ರಿಗೆ ತೋರಿಸಿ. ಮೂವತ್ತು ಮಕ್ಕಳಲ್ಲಿ ಇಪ್ಪತ್ತು ಜನ ಏಳನೇ ನಿಮಿಷದಲ್ಲೇ ಬಿಟ್ಟಿದ್ದಾರೆ ಅಂದರೆ ತೊಂದರೆ ಇಪ್ಪತ್ತು ಮಕ್ಕಳಲ್ಲಿ ಇರುವ ಸಾಧ್ಯತೆ ಕಡಿಮೆ, ಏಳನೇ ನಿಮಿಷದಲ್ಲಿ ಇರುವ ಸಾಧ್ಯತೆ ಜಾಸ್ತಿ. ಆ ಭಾಗವನ್ನು ಮತ್ತೆ ರೆಕಾರ್ಡ್ ಮಾಡಬಹುದು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ಟಿವಿಯಲ್ಲಿ ಪಾಠ ಮಾಡಿದ ಮೇಷ್ಟ್ರುಗಳಿಗೆ ಈ ಅನುಕೂಲ ಇರಲಿಲ್ಲ, ಮಕ್ಕಳು ಎಲ್ಲಿ ತಲೆ ಕೆರೆದುಕೊಂಡರು ಅಂತ ಟಿವಿ ಹೇಳುವುದಿಲ್ಲ. ಸೈಟ್ ಹೇಳಬಲ್ಲದು. ಅಪ್ಪನ ಪುಟದಲ್ಲಿ ಎರಡು ಅಂಕಣ ಸಾಕು: ಬಿಡಿಸಿದ್ದು, ಇನ್ನೂ ಬಾರದ್ದು.

ಈ ಥರದ ಸೈಟ್ ಮಾಡಿದವರು, ಟ್ಯೂಷನ್ ಹೇಳಿದವರು ನಿಮ್ಮಲ್ಲೂ ಇದ್ದೀರಿ. ಹಸಿರು ಪಟ್ಟಿ ಕಿತ್ತುಹಾಕಿದರೆ ಪೋಷಕರು ಒಪ್ಪುತ್ತಾರಾ? ನೀವೇನಂತೀರಿ?