ಜೀನ್ಸ್ ಬಾಟಮ್ ಕತ್ತರಿಸೋಕೆ ಮುಂಚೆ ಇದನ್ನ ಓದಿ

ಭಾಗ 1/7

ಜೀನ್ಸ್ ಆಲ್ಟರ್ ಮಾಡಿಸೋಕೆ ಹೋದಾಗ ನಾವೆಲ್ಲ ಹೇಳೋದು ಒಂದೇ ಮಾತು: "ಅಣ್ಣಾ, ಉದ್ದ ಮೂರು ಇಂಚು ಕಮ್ಮಿ ಮಾಡಿ, ಸೊಂಟ ಸ್ವಲ್ಪ ಹಿಡೀರಿ." ಒಂದು ಟೀ ಕುಡಿದು ಬರೋಷ್ಟರಲ್ಲಿ ಪ್ಯಾಂಟ್ ರೆಡಿ. ಹಾಕ್ಕೊಂಡು ನೋಡಿದ್ರೆ ಅಳತೆ ಸರಿಯಾಗೇ ಇರುತ್ತೆ. ಆದ್ರೂ ಅದು ಅಂಗಡಿಯಲ್ಲಿ ನೀವು ಇಷ್ಟಪಟ್ಟು ತಗೊಂಡ ಪ್ಯಾಂಟ್ ಥರ ಕಾಣಲ್ಲ. ಕಾಲಿನ ತುದಿಯಲ್ಲಿದ್ದ ಬಿಳಿಚಿದ ಗೆರೆ ಮಾಯ, ದಾರದ ಬಣ್ಣ ಬೇರೆ, ಹಿಂದೆ ಸೊಂಟದ ಪಟ್ಟಿಯಲ್ಲಿ ಎರಡು ನೆರಿಗೆ.

ನನ್ನ ವಾದ ಇಷ್ಟೇ. ಬಣ್ಣ ಮಾಸಿಸಿದ ಜೀನ್ಸ್ ಆದ್ರೆ ಅದರ ಮೂಲ ಅಂಚನ್ನ ಕತ್ತರಿಸಿ ಬಿಸಾಡೋಕೆ ಬಿಡಬೇಡಿ. ಸೊಂಟ ಹಿಡಿಸೋದಾದ್ರೆ ಹಿಂದಿನ ನಡು ಹೊಲಿಗೆಯಲ್ಲೇ ಹಿಡಿಸಿ. ಎರಡಕ್ಕೂ ಸಮಯ ಜಾಸ್ತಿ, ದುಡ್ಡೂ ಜಾಸ್ತಿ. ಆ ದುಡ್ಡು ಕೊಡೋದೇ ಸರಿ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಭಾಗ 2/7: ಆ ಅಂಚಲ್ಲಿ ಅಂಥದ್ದೇನಿದೆ?

ನಿಮ್ಮ ಹಳೇ ಜೀನ್ಸ್ ಒಂದನ್ನ ತಗೊಂಡು ಕಾಲಿನ ತುದಿ ಬೆಳಕಿಗೆ ಹಿಡೀರಿ. ಬಟ್ಟೆಯನ್ನ ಎರಡು ಸಲ ಒಳಗೆ ಮಡಚಿ, ಸುಮಾರು ಅರ್ಧ ಇಂಚು ಅಗಲಕ್ಕೆ ದಪ್ಪ ದಾರದಲ್ಲಿ ಹೊಲಿದಿರ್ತಾರೆ. ಅಂದ್ರೆ ಅಲ್ಲಿ ಮೂರು ಪದರ ಬಟ್ಟೆ. ಅದರ ಮೇಲೆ ಓರೆ ಓರೆಯಾಗಿ, ಹಗ್ಗ ಹೊಸೆದ ಹಾಗೆ, ಒಂದು ಬಿಳಿ ಒಂದು ನೀಲಿ ಏರಿಳಿತ ಕಾಣುತ್ತೆ. ಹೊಲಿಯುವಾಗ ಮೇಲಿನ ಪದರ ಮತ್ತು ಕೆಳಗಿನ ಪದರ ಸ್ವಲ್ಪ ಹಿಂದೆಮುಂದೆ ಜಾರುತ್ತವೆ, ಒಗೆದಾಗ ಬಟ್ಟೆ ಕುಗ್ಗಿ ಆ ಸುಕ್ಕು ಗಟ್ಟಿಯಾಗುತ್ತೆ, ಉಬ್ಬಿದ ಕಡೆ ಉಜ್ಜಿ ಬಣ್ಣ ಹೋಗುತ್ತೆ.

ಇಲ್ಲಿ ಗಮನಿಸಬೇಕಾದ್ದು ಕೆಲಸದ ಕ್ರಮ. ನಮ್ಮ ಬಳ್ಳಾರಿಯ ಘಟಕಗಳೇ ಇರಲಿ, ಬೇರೆ ಕಡೆಯವೇ ಇರಲಿ, ಮಾಸಿದ ಜೀನ್ಸ್‌ನ ಮೊದಲು ಪೂರ್ತಿ ಹೊಲಿದು ಆಮೇಲೆ ವಾಷಿಂಗ್‌ಗೆ ಕಳಿಸ್ತಾರೆ. ಅಂಚಿನ ಆ ಬಣ್ಣ ಹೊಲಿದ ಮೇಲೆ ಬಂದದ್ದು. ಅದನ್ನ ಕತ್ತರಿಸಿ ಹೊಸದಾಗಿ ಮಡಚಿದ್ರೆ ಎಷ್ಟು ನೀಟಾಗಿ ಹೊಲಿದ್ರೂ ಆ ಬಣ್ಣ ವಾಪಸ್ ಬರಲ್ಲ. ಟೇಲರ್ ಕೈಯಲ್ಲಿ ದೋಷ ಇಲ್ಲ. ಅವರ ಅಂಗಡಿಯಲ್ಲಿ ವಾಷಿಂಗ್ ಘಟಕ ಇಲ್ಲ, ಅಷ್ಟೇ.

ಭಾಗ 3/7: ಅಂಚು ಉಳಿಸಿ ಉದ್ದ ಕಮ್ಮಿ ಮಾಡೋದು ಹೇಗೆ

ಫೋಟೋದಲ್ಲಿರೋ ಜೀನ್ಸ್ ನಮ್ಮ ಕ್ಲಾಸಿನ ಗೆಳೆಯನದ್ದು. ಲೇಬಲ್ ಪ್ರಕಾರ ಸೊಂಟ 34, ಕಾಲಿನ ಒಳ ಉದ್ದ 32. ಅವನಿಗೆ ಬೇಕಾಗಿದ್ದು ಸೊಂಟ 32, ಉದ್ದ 29. ಅಂದ್ರೆ ಕಾಲು 3 ಇಂಚು ಕಮ್ಮಿ ಆಗ್ಬೇಕು.

ಪ್ಯಾಂಟಿನ ತುದಿಯನ್ನ ಹೊರಗಡೆಗೆ ಮೇಲಕ್ಕೆ ಮಡಚಬೇಕು, ನಾವು ಸ್ಟೈಲ್‌ಗೆ ಮಡಚ್ಕೊಳ್ತೀವಲ್ಲ ಹಾಗೆ. ಈಗ ಕೆಳಗಿನ ಹೊಸ ಮಡಿಕೆಯಿಂದ ಮೂಲ ಅಂಚಿನ ಹೊಲಿಗೆಯ ತನಕ ಅಳೀರಿ. ಅದು ಒಂದೂವರೆ ಇಂಚು ಇರಬೇಕು, ಮೂರಲ್ಲ. ಯಾಕಂದ್ರೆ ಬಟ್ಟೆ ಎರಡು ಮಡಿಕೆಯಾಗಿದೆ, ಒಂದೂವರೆ ಹಿಡಿದ್ರೆ ಮೂರು ಹೋಗುತ್ತೆ. ಇನ್ನೊಂದು ವಿಷಯ: ಆ ಅರ್ಧ ಇಂಚಿನ ಅಂಚನ್ನ ಅಳತೆಗೆ ಸೇರಿಸಬಾರದು, ಅದು ಹಾಗೇ ಉಳಿಯುತ್ತೆ. ಲೆಕ್ಕ ತಪ್ಪೋದು ಹೆಚ್ಚಾಗಿ ಈ ಎರಡು ಕಡೆಯೇ.

ಸುತ್ತಲೂ ಅದೇ ಅಳತೆಗೆ ಪಿನ್ ಹಾಕಿ, ಪಕ್ಕದ ಹೊಲಿಗೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ನೋಡಿ, ಮೂಲ ಅಂಚಿಗೆ ತಾಗಿಯೂ ತಾಗದ ಹಾಗೆ ಸುತ್ತ ಹೊಲಿಗೆ ಹಾಕ್ತಾರೆ. ಇಲ್ಲಿ ಹಳದಿ ದಾರ ಬೇಡ. ಈ ಹೊಲಿಗೆ ಅಡಗಿರಬೇಕು, ಹಾಗಾಗಿ ಬಟ್ಟೆಯ ನೀಲಿಗೆ ಹೊಂದೋ ದಾರ. ಆಮೇಲೆ ಅಂಚನ್ನ ಕೆಳಗೆ ಬಿಡಿಸಿದ್ರೆ ಹೆಚ್ಚಿನ ಬಟ್ಟೆ ಒಳಗೆ ಹೋಗುತ್ತೆ. ಅದನ್ನ ಅರ್ಧ ಇಂಚು ಬಿಟ್ಟು ಕತ್ತರಿಸಿ, ಓವರ್‌ಲಾಕ್ ಮಾಡಿ, ಮೇಲಕ್ಕೆ ಮಡಚಿ ಇಸ್ತ್ರಿ ಒತ್ತಿದ್ರೆ ಮುಗೀತು. ಜೋಡಿಸಿದ ಗೆರೆ ಅಂಚಿನ ನೆರಳಲ್ಲೇ ಮರೆಯಾಗುತ್ತೆ.

ಭಾಗ 4/7: ಇದು ಎಲ್ಲಿ ಕೆಡುತ್ತೆ

ನೆಟ್ಟಗೆ ಇಳಿಯೋ ಕಾಲಿನ ಪ್ಯಾಂಟಲ್ಲಿ ಇದು ಸಲೀಸು. ಗೆಳೆಯನ ಜೀನ್ಸ್‌ನ ಅಂಚಿನ ಸುತ್ತಳತೆ 14 ಇಂಚು, 3 ಇಂಚು ಮೇಲೆ ಹದಿನಾಲ್ಕೂವರೆ. ಅರ್ಧ ಇಂಚಿನ ವ್ಯತ್ಯಾಸವನ್ನ ಹೊಲಿಯುವಾಗಲೇ ಸುತ್ತಲೂ ಹಂಚಿಬಿಡಬಹುದು, ಕಣ್ಣಿಗೆ ಕಾಣಲ್ಲ.

ಸ್ಲಿಮ್ ಫಿಟ್ ಕಥೆ ಬೇರೆ. ಅಂಚು 12 ಇಂಚು, 3 ಇಂಚು ಮೇಲೆ ಹದಿಮೂರೂವರೆ ಅಂತ ಇಟ್ಕೊಳ್ಳಿ. ಒಂದೂವರೆ ಇಂಚು ಅಗಲದ ಬಟ್ಟೆಯನ್ನ ಚಿಕ್ಕ ಅಂಚಿಗೆ ತುರುಕಿದ್ರೆ ಸುತ್ತಲೂ ಸಣ್ಣ ಸಣ್ಣ ಸುಕ್ಕು ಬಂದು ಪಾದದ ಹತ್ತಿರ ಬಟ್ಟೆ ಬುಗ್ಗೆ ಥರ ಉಬ್ಬುತ್ತೆ. ಆಗ ಮೊದಲು ಮೊಣಕಾಲಿನಿಂದ ಕೆಳಗೆ ಪಕ್ಕದ ಹೊಲಿಗೆಯಲ್ಲಿ ಕಾಲನ್ನ ಕಿರಿದು ಮಾಡಬೇಕು, ಆಮೇಲೆ ಅಂಚು ಕೂಡಿಸಬೇಕು. ಎರಡು ಪಕ್ಕಗಳಲ್ಲಿ ಯಾವುದಕ್ಕೆ ಹೊರಗಿಂದ ಕಾಣೋ ದಪ್ಪ ಹೊಲಿಗೆ ಇಲ್ಲವೋ ಆ ಕಡೆ ಹಿಡಿಸಿ. ಬೆಲ್ ಬಾಟಮ್ ಥರದ ಅಗಲ ಪ್ಯಾಂಟಲ್ಲಿ ಇದು ಉಲ್ಟಾ: ಅಂಚು ದೊಡ್ಡದು, ಮೇಲೆ ಕಾಲು ಚಿಕ್ಕದು. ಅಂಥದ್ದನ್ನ 3 ಇಂಚು ಕಮ್ಮಿ ಮಾಡಿಸೋ ಬದಲು ಚಿಕ್ಕ ಉದ್ದದ್ದನ್ನೇ ಹುಡುಕೋದು ಒಳ್ಳೇದು.

ಇನ್ನೊಂದು ತೊಂದರೆ ಪಕ್ಕದ ಹೊಲಿಗೆಗಳು ಸೇರೋ ಜಾಗ. ಅಲ್ಲಿ ಪದರದ ಮೇಲೆ ಪದರ ಬಂದು ಸೂಜಿ ಹೊಲಿಗೆ ಬಿಡುತ್ತೆ, ಒಮ್ಮೊಮ್ಮೆ ಮುರಿಯುತ್ತೆ. ಅನುಭವ ಇರೋ ಟೇಲರ್ ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿ, 16 ಅಥವಾ 18 ನಂಬರ್ ಸೂಜಿ ಹಾಕಿ, ಚಕ್ರವನ್ನ ಕೈಯಲ್ಲೇ ತಿರುಗಿಸಿ ದಾಟಿಸ್ತಾರೆ. ಪ್ಯಾಂಟ್ ಕೈಗೆ ಬಂದಾಗ ಮೊದಲು ಆ ನಾಲ್ಕು ಜಾಗ ನೋಡಿ.

ಭಾಗ 5/7: ಸೊಂಟ ಎಲ್ಲಿ ಹಿಡಿಸಬೇಕು

ಬೇಗ ಆಗೋ ದಾರಿ ಅಂದ್ರೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಡಾಟ್ ಹಿಡಿದು, ಸೊಂಟದ ಪಟ್ಟಿ ಸಮೇತ ಹೊಲಿದುಬಿಡೋದು. ಪಟ್ಟಿ ಮೊದಲೇ ದಪ್ಪ, ಅದನ್ನ ಮಡಚಿದ್ರೆ ಬೆನ್ನಿಗೆ ಒತ್ತುತ್ತೆ, ಬೆಲ್ಟ್ ಸರಿಯಾಗಿ ಕೂರಲ್ಲ. ಇನ್ನು ಪಕ್ಕಗಳಲ್ಲಿ ಹಿಡಿದ್ರೆ ಮುಂದಿನ ಜೇಬು ಎಳೆದು ಬಾಯಿ ಬಿಡುತ್ತೆ.

ಸರಿಯಾದ ಜಾಗ ಹಿಂದೆ ಎರಡು ಜೇಬುಗಳ ನಡುವೆ ಇಳಿಯೋ ಹೊಲಿಗೆ. ನಡುವಿನ ಬೆಲ್ಟ್ ಲೂಪ್ ಬಿಚ್ಚಬೇಕು, ಅಲ್ಲಿ ಪಟ್ಟಿಯನ್ನ ಪ್ಯಾಂಟಿಂದ ಬಿಡಿಸಬೇಕು, ನಡು ಹೊಲಿಗೆ ಬಿಚ್ಚಬೇಕು. ಗೆಳೆಯನ ಪ್ಯಾಂಟಲ್ಲಿ ಕಮ್ಮಿ ಆಗ್ಬೇಕಾದ್ದು 2 ಇಂಚು, ಹಾಗಾಗಿ ಮೇಲೆ ಎರಡೂ ಕಡೆ ಒಂದೊಂದು ಇಂಚು ಒಳಗೆ ಗುರುತು ಹಾಕಿ, ಅಲ್ಲಿಂದ ಸುಮಾರು 8 ಇಂಚು ಕೆಳಗೆ ಹಳೇ ಹೊಲಿಗೆಯಲ್ಲೇ ಕರಗೋ ಹಾಗೆ ಗೆರೆ ಇಳಿಸಿದ್ರು. ಕರಗೋದು ಮುಖ್ಯ. ಥಟ್ಟನೆ ನಿಲ್ಲಿಸಿದ್ರೆ ಅಲ್ಲೊಂದು ಮೊನೆ ಉಬ್ಬುತ್ತೆ. ಆಮೇಲೆ ಹೊರಗಿನ ಜೋಡಿ ಹೊಲಿಗೆಯನ್ನ ಮೂಲದ ಬಣ್ಣದ ದಾರದಲ್ಲೇ ಹಾಕಿ, ಪಟ್ಟಿಯನ್ನ ಕತ್ತರಿಸಿ ಜೋಡಿಸಿ ವಾಪಸ್ ಕೂಡಿಸಿ, ಆ ಜೋಡಣೆಯ ಮೇಲೆ ಲೂಪ್ ಹೊಲಿದ್ರು. ಲೂಪ್ ಅದನ್ನ ಮುಚ್ಚುತ್ತೆ.

ಇದಕ್ಕೂ ಮಿತಿ ಇದೆ. ಅವನ ಹಿಂದಿನ ಜೇಬುಗಳ ನಡುವೆ ಮೇಲ್ಗಡೆ 3 ಇಂಚು ಅಂತರ ಇತ್ತು. ಜೇಬು ಶುರುವಾಗೋದು ಸೊಂಟದಿಂದ 3 ಇಂಚು ಕೆಳಗೆ. ಅಷ್ಟು ಕೆಳಗೆ ಬರೋ ಹೊತ್ತಿಗೆ ಹಿಡಿದ ಬಟ್ಟೆ ಒಂದೂಕಾಲು ಇಂಚಿಗೆ ಇಳಿದಿರುತ್ತೆ. ಈಗ ಅಂತರ ಒಂದೂಮುಕ್ಕಾಲು, ನೋಡೋಕೆ ಚೆನ್ನಾಗಿದೆ. ಇದೇ 4 ಇಂಚು ಹಿಡಿದಿದ್ರೆ ಜೇಬುಗಳು ಹೆಚ್ಚುಕಮ್ಮಿ ಒಂದಕ್ಕೊಂದು ತಾಗ್ತಿದ್ವು. ಅದಕ್ಕೇ ನನ್ನ ಲೆಕ್ಕದಲ್ಲಿ ಜೀನ್ಸ್‌ಗೆ 2 ಇಂಚೇ ಕೊನೆ. ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ತು ಅಂತ 36 ತಗೊಂಡು 31 ಮಾಡಿಸೋಕೆ ಹೋಗಬೇಡಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ತೊಡೆ ಮತ್ತು ಸೀಟ್. ಅಲ್ಲಿ ಸರಿಯಾಗಿ ಕೂತ್ರೆ ಸೊಂಟ, ಉದ್ದ ಎರಡನ್ನೂ ಸರಿ ಮಾಡಿಸಬಹುದು. ತೊಡೆಯಲ್ಲಿ ಬಿಗಿಯಾದ್ರೆ ಬಿಡಿಸೋಕೆ ಜೀನ್ಸ್ ಒಳಗೆ ಬಟ್ಟೆಯೇ ಇರಲ್ಲ.

ಭಾಗ 6/7: ಮೊದಲು ಸೊಂಟ, ಆಮೇಲೆ ಉದ್ದ

ಎರಡನ್ನೂ ಒಂದೇ ದಿನ ಅಳತೆ ಕೊಟ್ಟು ಬರೋದು ನಮ್ಮ ಅಭ್ಯಾಸ. ಸಡಿಲ ಸೊಂಟದ ಪ್ಯಾಂಟ್ ಜಾರಿ ಒಂದು ಇಂಚು ಕೆಳಗೆ ನಿಂತಿರುತ್ತೆ. ಆ ಸ್ಥಿತಿಯಲ್ಲಿ ಉದ್ದ ಗುರುತು ಹಾಕಿಸಿದ್ರೆ, ಸೊಂಟ ಹಿಡಿದ ಮೇಲೆ ಪ್ಯಾಂಟ್ ತನ್ನ ಜಾಗಕ್ಕೆ ಏರಿ ಕಾಲು ಒಂದು ಇಂಚು ಗಿಡ್ಡ ಆಗುತ್ತೆ. ಗಿಡ್ಡ ಆದದ್ದನ್ನ ಉದ್ದ ಮಾಡೋಕಾಗಲ್ಲ.

ಆದ್ದರಿಂದ ಹೊಸ ಜೀನ್ಸ್‌ನ ಮನೆಯಲ್ಲಿ ಒಮ್ಮೆ ಒಗೆದು ಒಣಗಿಸಿ, ಯಾಕಂದ್ರೆ ಹತ್ತಿ ಬಟ್ಟೆ ಇನ್ನೂ ಕುಗ್ಗಬಹುದು. ಸೊಂಟ ಹಿಡಿಸಿ. ನೀವು ದಿನಾ ಹಾಕೋ ಶೂ ಹಾಕ್ಕೊಂಡು, ನೇರ ನಿಂತು, ಎರಡೂ ಕಾಲಿಗೆ ಬೇರೆ ಬೇರೆಯಾಗಿ ಉದ್ದ ಗುರುತು ಹಾಕಿಸಿ. ಬಗ್ಗಿ ಕೆಳಗೆ ನೋಡಿದ್ರೆ ಪ್ಯಾಂಟ್ ಮೇಲೇಳುತ್ತೆ, ಗುರುತು ತಪ್ಪುತ್ತೆ.

ಭಾಗ 7/7: "ಯಾರು ನೋಡ್ತಾರೆ ಬಿಡಿ" ಅನ್ನೋರಿಗೆ

ಎಲ್ಲ ಪ್ಯಾಂಟಿಗೂ ಇದು ಬೇಕು ಅಂತ ನಾನು ಹೇಳ್ತಿಲ್ಲ. ಫಾರ್ಮಲ್ ಪ್ಯಾಂಟಿನ ಬಾಟಮ್‌ಗೆ ಹೊರಗೆ ಕಾಣದ ಹೊಲಿಗೆಯೇ ಸರಿ, ಅಲ್ಲಿ ಉಳಿಸೋಕೆ ಮಾಸಿದ ಅಂಚೇ ಇಲ್ಲ. ಒಂದೇ ಗಾಢ ಬಣ್ಣದ, ಮಾಸಿಸದ ಜೀನ್ಸ್‌ಗೂ ಕತ್ತರಿಸಿ ಹೊಂದೋ ದಪ್ಪ ದಾರದಲ್ಲಿ ಹೊಲಿದ್ರೆ ಸಾಕು. ಅಂಥದ್ದಕ್ಕೆ ಡಬಲ್ ದುಡ್ಡು ಕೊಡಬೇಡಿ.

ಆದ್ರೆ ಮಾಸಿದ ಜೀನ್ಸ್‌ಗೆ ನೀವು ಅಂಗಡಿಯಲ್ಲಿ ಕೊಟ್ಟ ದುಡ್ಡಲ್ಲಿ ಆ ಮಾಸಿದ ಕೆಲಸಕ್ಕೂ ಪಾಲಿದೆ. ಅದನ್ನೇ ಕತ್ತರಿಸಿ ಬುಟ್ಟಿಗೆ ಹಾಕಿ ಉಳಿತಾಯ ಆಯ್ತು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಇನ್ನು ಟೇಲರ್ ಜಾಸ್ತಿ ಕೇಳಿದ್ರೆ ಬೇಜಾರಾಗಬೇಡಿ. ಕತ್ತರಿಸಿ ಮಡಚೋ ಕೆಲಸಕ್ಕೆ ಹಿಡಿಯೋ ಸಮಯವೇ ಬೇರೆ. ಇಲ್ಲಿ ಅವರು ಸುತ್ತ ಪಿನ್ ಹಾಕಬೇಕು, ದಾರ ಎರಡು ಸಲ ಬದಲಾಯಿಸಬೇಕು, ದಪ್ಪ ಜಾಗ ಕೈಯಲ್ಲಿ ದಾಟಿಸಬೇಕು.

ಅಂಗಡಿಯಲ್ಲಿ ಹೀಗೆ ಹೇಳಿ: "ಅಣ್ಣಾ, ಒರಿಜಿನಲ್ ಬಾಟಮ್ ಹಾಗೇ ಇರ್ಲಿ, ಅದರ ಪಕ್ಕದಲ್ಲೇ ಹಿಡೀರಿ. ಸೊಂಟ ಹಿಂದೆ ನಡು ಹೊಲಿಗೆಯಲ್ಲಿ, ಪಟ್ಟಿ ಬಿಚ್ಚಿ ಮಾಡಿ." ಕೆಲವರು ಅಂಚನ್ನ ಪೂರ್ತಿ ಕತ್ತರಿಸಿ ತೆಗೆದು ವಾಪಸ್ ಕೂಡಿಸ್ತಾರೆ, ಅದೂ ಆಗುತ್ತೆ. ಆದ್ರೆ ಎಡದ ಅಂಚು ಬಲಕ್ಕೆ ಹೋಗದ ಹಾಗೆ ಚಾಕಲ್ಲಿ ಗುರುತು ಹಾಕೋಕೆ ಹೇಳಿ.

ದುಡ್ಡು ಕೊಡೋ ಮುಂಚೆ ಎರಡೂ ಕಾಲು ಒಂದರ ಮೇಲೊಂದು ಇಟ್ಟು ಉದ್ದ ನೋಡಿ. ಅಂಚನ್ನ ಬೆರಳಲ್ಲಿ ಸ್ವಲ್ಪ ಕೆಳಗೆಳೆದು, ಅಂಚಿಗೂ ಹೊಸ ಹೊಲಿಗೆಗೂ ನಡುವೆ ಪಟ್ಟಿಯಂಥ ಜಾಗ ಕಾಣ್ತಿದೆಯಾ ನೋಡಿ. ಕಂಡ್ರೆ ಹೊಲಿಗೆ ದೂರ ಬಿದ್ದಿದೆ ಅಂತ ಅರ್ಥ. ಅಲ್ಲೇ, ಆಗಲೇ ಹೇಳಿ. ಒಳಗಡೆ ಅರ್ಧ ಇಂಚು ಬಟ್ಟೆ ಓವರ್‌ಲಾಕ್ ಆಗಿ ಉಳಿದಿದ್ರೆ ಬಿಚ್ಚಿ ಸರಿ ಮಾಡೋಕೆ ಇನ್ನೂ ದಾರಿ ಇದೆ.

ಸೇವ್ ಮಾಡ್ಕೊಳ್ಳಿ, ಸೇಲ್‌ಗೆ ಹೊರಟಿರೋ ಫ್ರೆಂಡ್‌ಗೆ ಕಳಿಸಿ. ನಿಮ್ಮೂರಲ್ಲಿ ಇದನ್ನ ಚೆನ್ನಾಗಿ ಮಾಡೋ ಟೇಲರ್ ಇದ್ರೆ ಯಾವ ಊರು, ಯಾವ ಬೀದಿ ಅಂತ ಕಾಮೆಂಟಲ್ಲಿ ಬರೀರಿ.

#ಜೀನ್ಸ್ #ಆಲ್ಟರೇಷನ್ #ಒರಿಜಿನಲ್‌ಬಾಟಮ್ #ಕನ್ನಡ