ಅಜ್ಜಿಯ ಕೋಳಿ ಮತ್ತು ನಮ್ಮ ಅಪ್‌ಗ್ರೇಡ್

ಕ್ವಾರ್ಟರ್ ಮುಗಿಯೋಕೆ ಬಂತು ಅಂದ್ರೆ ಕಸ್ಟಮರ್ ಸಕ್ಸೆಸ್ ಟೀಮಿಗೆ ಒಂದೇ ಕೆಲಸ: ಹಳೇ ಗ್ರಾಹಕರಿಗೆ ಫೋನು. ಆಮೇಲೆ ಮೀಟಿಂಗಿನಲ್ಲಿ, "ನಾವು ಮಾತಾಡಿಸಿದವರಲ್ಲಿ ಇಷ್ಟು ಜನ ದೊಡ್ಡ ಪ್ಲಾನ್ ತಗೊಂಡ್ರು" ಅಂತ ಸ್ಲೈಡು, ಚಪ್ಪಾಳೆ. ನನ್ನ ತಕರಾರು ಈ ಚಪ್ಪಾಳೆಗೆ.

ಹಾಜರಾತಿ ಸಾಫ್ಟ್‌ವೇರ್ ಮಾರುವ ಕಂಪನಿ ಅಂದ್ಕೊಳ್ಳಿ. ಪ್ಲಾನಿನ ಮಿತಿ 50 ಉದ್ಯೋಗಿಗಳು. 48 ಮಂದಿ ಇರೋ ಗ್ರಾಹಕ ಇನ್ನೂ ಮೂವರನ್ನು ಸೇರಿಸ್ಕೊಂಡ್ರೆ, ನೀವು ಫೋನ್ ಮಾಡಿದ್ರೂ ಬಿಟ್ರೂ ದೊಡ್ಡ ಪ್ಲಾನ್ ತಗೊಳ್ಳಲೇಬೇಕು. ನಾವು ಮೊದಲು ಫೋನ್ ಮಾಡೋದೂ ಇವರಿಗೇ! ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದ ಅಜ್ಜಿಗೂ ನಮಗೂ ಏನು ವ್ಯತ್ಯಾಸ?

ನಿಜ ತಿಳಿಬೇಕಾದ್ರೆ ಇಂಥ 80 ಗ್ರಾಹಕರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ. 40 ಮಂದಿಗೆ ಫೋನ್ ಮಾಡಿ, ಉಳಿದ 40 ಮಂದಿಯನ್ನು ಅವರ ಪಾಡಿಗೆ ಬಿಡಿ. ಮೂರು ತಿಂಗಳಾದ ಮೇಲೆ ಆ ಕಡೆ 12, ಈ ಕಡೆ 11 ಅಪ್‌ಗ್ರೇಡ್ ಆಗಿದ್ರೆ ಫೋನಿನ ಗಳಿಕೆ 12 ಅಲ್ಲ, ಒಂದು. ಇಷ್ಟು ಸಣ್ಣ ಗುಂಪಿನಲ್ಲಿ ಆ ಒಂದೂ ಆಕಸ್ಮಿಕ ಇರಬಹುದು.

ಶ್ರಮ ಹಾಕಬೇಕಾದ್ದು ಬೇರೆ ಕಡೆ. ಹಾಜರಾತಿ ನಮ್ಮಲ್ಲಿ, ಸಂಬಳದ ಲೆಕ್ಕ ಇನ್ನೂ ಎಕ್ಸೆಲ್‌ನಲ್ಲಿ ಇಟ್ಟವರು ಇದ್ದಾರಲ್ಲ? ಅವರ ಅಕೌಂಟೆಂಟ್ ಪಕ್ಕ ಕೂತು, ಒಂದು ತಿಂಗಳ ಸಂಬಳವನ್ನು ಎರಡೂ ಕಡೆ ಹಾಕಿ ತಾಳೆ ನೋಡಿ. ಇವರು ತಾವಾಗೇ ಬರೋರಲ್ಲ; ಎಕ್ಸೆಲ್ ಬಿಡೋಕೆ ಅವರಿಗೆ ಭಯ. ಆದ್ರೆ ಇದನ್ನೂ ಚೀಟಿ ಎತ್ತಿಯೇ ಪರೀಕ್ಷಿಸಿ, ಕೂತವರಿಗೂ ಕೂರದವರಿಗೂ ಇರೋ ಅಂತರ ಎಣಿಸಿ.

"ಅರ್ಧ ಜನರನ್ನು ಸುಮ್ನೆ ಬಿಡೋದಾ?" ಅಂತ ಬಾಸ್ ಕೇಳ್ತಾರೆ. ಹೌದು ಸರ್. ಒಂದು ದಿನ ಕೋಳಿ ಕೂಗದೇ ಇರಲಿ, ನೋಡೋಣ.